ಸರೋಜತ್ತೆ ಕೊಟ್ಟ ಕಾವಲಿ, ಜೊತೆಗಿದ್ದ ಚೀಟಿ

ಸಿಂಧು: ಗೃಹಪ್ರವೇಶಕ್ಕೆ ಸರೋಜತ್ತೆ ಕೊಟ್ಟ ಬೀಡಿನ ಕಾವಲಿಯನ್ನು ಇವತ್ತು ಬೆಳಗ್ಗೆ ಒಲೆಗೆ ಇಟ್ಟೆ. ಜೊತೆಗಿದ್ದ ಚೀಟಿಯ ಫೋಟೋ ಹಾಕಿದ್ದೇನೆ. ಅದರಲ್ಲಿ ಬರೆದ ಹಾಗೆಯೇ ಮಾಡಿದೆ, ಆದರೂ ದೋಸೆ ಪೂರ್ತಿ ಅಂಟಿತು. ಸಟ್ಟುಗದಲ್ಲಿ ಕೆರೆದು ತೆಗೆಯಬೇಕಾಯಿತು. ಎಲ್ಲಿ ತಪ್ಪಾಯಿತು ಹೇಳಿ.

ಗಿರಿಜಾ ದೊಡ್ಡಮ್ಮ: ಫೋಟೋ ಮಸುಕಾಗಿದೆ ಸಿಂಧು. ಟೈಪ್ ಮಾಡಿ ಹಾಕಮ್ಮ.

ಸಿಂಧು: "ಅಕ್ಕಿ ತೊಳೆದ ನೀರಲ್ಲಿ ಮೂರು ದಿನ ನೆನೆಸಿಡು. ದಿನಾ ನೀರು ಬದಲಿಸು. ನಾರಿನಿಂದ ಉಜ್ಜಿ ಒರೆಸು. ಸೋಪು ಮುಟ್ಟಿಸಬೇಡ. ತೆಂಗಿನೆಣ್ಣೆ ಧಾರಾಳವಾಗಿ ಸವರಿ ಒಂದು ರಾತ್ರಿ ಬಿಡು. ಬೆಳಗ್ಗೆ ಈರುಳ್ಳಿ ಹುರಿದು ಎಸೆ. ಮೊದಲ ಎರಡು ದೋಸೆ ಹಸುವಿಗೆ. ಮೂರನೆಯದು ನಿನಗೆ."

ಪ್ರಕಾಶಣ್ಣ: ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ. "ಧಾರಾಳವಾಗಿ" ಅನ್ನುವ ಒಂದೇ ಪದದಿಂದ ಹೀಗಾಗಿದೆ. ಸಿಂಧು, ಕಾವಲಿ ಮೇಲೆ ಬೆರಳು ಇಟ್ಟು ನೋಡು, ಜಿಗುಟಾಗಿದೆಯಾ?

ಸಿಂಧು: ಹೌದು ಅಣ್ಣ, ಗೋಂದು ಹಚ್ಚಿದ ಹಾಗೆ. ನಡುವೆ ಕಂದು ಬಣ್ಣದ ಕಲೆ ಇದೆ, ಅಂಚಿನಲ್ಲಿ ಇನ್ನೂ ಬೂದು ಬಣ್ಣವೇ ಇದೆ.

ಸರೋಜತ್ತೆ: ನಾನು ಬರೆದದ್ದು ನಮ್ಮಮ್ಮ ಮಾಡಿದ ಹಾಗೇ. ಪುತ್ತೂರಿನ ನಮ್ಮ ಮನೆ ಕಾವಲಿಗೆ ಮೂವತ್ತು ವರ್ಷದ ಮೇಲಾಯಿತು. ಇವತ್ತಿಗೂ ನೀರುದೋಸೆ ಕಾಗದದ ಹಾಗೆ ಎದ್ದು ಬರುತ್ತದೆ. ಒಂದು ಸಲವೂ ಸೋಪು ಹಾಕಿಲ್ಲ, ತೆಂಗಿನೆಣ್ಣೆ ಬಿಟ್ಟು ಬೇರೆ ಎಣ್ಣೆ ಹಚ್ಚಿಲ್ಲ. ಅದು ತಪ್ಪಾ ಹಾಗಾದರೆ?

ಪ್ರಕಾಶಣ್ಣ: ನಿಮ್ಮ ಕಾವಲಿ ತಪ್ಪಲ್ಲ ಅತ್ತೆ. ಆದರೆ ಅದು ಮೂವತ್ತು ವರ್ಷ ದಿನಾ ಒಲೆ ಮೇಲೆ ಕೂತು ಪಳಗಿದ್ದು. ಸಿಂಧು ಹತ್ತಿರ ಇರುವುದು ನಾಲ್ಕು ದಿನದ ಕಾವಲಿ. ಬೆಳಗಾವಿಯಲ್ಲಿ ಫೌಂಡ್ರಿಯಲ್ಲಿ ಇದ್ದಾಗ ದಿನಾ ಬೀಡನ್ನೇ ನೋಡುತ್ತಿದ್ದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಕಬ್ಬಿಣದ ಮೈ ತರಿತರಿಯಾಗಿರುತ್ತದೆ, ಸಣ್ಣ ಸಣ್ಣ ಗುಳಿ ಇರುತ್ತವೆ, ಹಿಟ್ಟು ಹೋಗಿ ಕೂರುವುದು ಅಲ್ಲೇ. ಪಳಗಿಸುವುದು ಅಂದರೆ ಆ ಮೈ ಮೇಲೆ ಎಣ್ಣೆಯನ್ನು ಕಾಯಿಸಿ ಗಟ್ಟಿ ಪದರ ಮಾಡುವುದು. ಚೆನ್ನಾಗಿ ಕಾದಾಗ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ, ಬಣ್ಣ ಬಳಿದ ಹಾಗೆ ಒಣಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ತೆಳ್ಳಗಿದ್ದರೆ ಪೂರ್ತಿ ಒಣಗುತ್ತದೆ. ದಪ್ಪ ಇದ್ದರೆ ಮೇಲೆ ಮಾತ್ರ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಆ ಗೋಂದು ಅದೇ.

ಪ್ರಕಾಶಣ್ಣ: ಇನ್ನೊಂದು. ಎಣ್ಣೆ ಸವರಿ ರಾತ್ರಿ ಸುಮ್ನೆ ಇಟ್ಟರೆ ತುಕ್ಕು ಹಿಡಿಯುವುದಿಲ್ಲ ಅಷ್ಟೇ, ಪದರ ಕಟ್ಟುವುದಿಲ್ಲ. ಅದಕ್ಕೆ ಬೆಂಕಿ ಬೇಕು. ಚೀಟಿಯಲ್ಲಿ ಬೆಂಕಿಯ ಮಾತೇ ಇಲ್ಲ.

ಸರೋಜತ್ತೆ: ಈರುಳ್ಳಿ ಹುರಿಯುವಾಗ ಬೆಂಕಿ ಇರುವುದಿಲ್ಲವಾ?

ಪ್ರಕಾಶಣ್ಣ: ಇರುತ್ತದೆ, ಆದರೆ ಐದು ನಿಮಿಷ, ಅದೂ ನಡುವೆ ಮಾತ್ರ. ನಿಮ್ಮಮ್ಮ ಸೌದೆ ಒಲೆಯಲ್ಲಿ ಮಾಡಿದ್ದು, ಉರಿ ಇಡೀ ಕಾವಲಿಯ ಅಡಿಗೆ ತಾಗುತ್ತಿತ್ತು. ಸಿಂಧು ಮನೆಯ ಗ್ಯಾಸಿನ ಬರ್ನರ್ ಅಂಗೈ ಅಗಲ, ಕಾವಲಿ ಹನ್ನೆರಡು ಇಂಚು. ಅಂಚು ಬೂದು ಬಣ್ಣದಲ್ಲೇ ಉಳಿದದ್ದು ಅದಕ್ಕೇ.

ಗಿರಿಜಾ ದೊಡ್ಡಮ್ಮ: ನೆನೆಸುವ ವಿಷಯಕ್ಕೆ ನನ್ನದೂ ಒಂದು ಮಾತು. ಹೋದ ವರ್ಷ ನಾನು ಅಂಗಡಿಯಿಂದ ಕರಿ ಕಾವಲಿ ತಂದೆ. ಪಳಗಿಸಿಯೇ ಕೊಡುತ್ತೇವೆ ಅಂತ ಡಬ್ಬದ ಮೇಲೆ ಬರೆದಿತ್ತು, ನಾನು ಓದಲೇ ಇಲ್ಲ, ಅಭ್ಯಾಸಬಲದಿಂದ ಮೂರು ದಿನ ಗಂಜಿ ನೀರಲ್ಲಿ ಮುಳುಗಿಸಿಟ್ಟೆ. ತೆಗೆದು ನೋಡಿದರೆ ಕಪ್ಪೆಲ್ಲ ಎದ್ದು ಕಿತ್ತಳೆ ಬಣ್ಣದ ತುಕ್ಕು. ಅಳು ಬಂದುಬಿಟ್ಟಿತ್ತು.

ಸಿಂಧು: ನನ್ನದು ಬೂದು ಬಣ್ಣದ್ದು ದೊಡ್ಡಮ್ಮ. ಮೊದಲ ದಿನ ಮುಟ್ಟಿದರೆ ಕೈಗೆ ಕರಿಪುಡಿ ಅಂಟುತ್ತಿತ್ತು.

ಪ್ರಕಾಶಣ್ಣ: ಹಾಗಾದರೆ ಹಸಿ ಕಾವಲಿಯೇ. ಅದಕ್ಕೆ ಅಕ್ಕಿ ನೀರಿನಿಂದ ಕೆಟ್ಟದ್ದೇನೂ ಆಗುವುದಿಲ್ಲ, ನೀರು ಹುಳಿಯಾದಾಗ ತುಕ್ಕು ಪುಡಿ ಸಡಿಲವಾಗುತ್ತದೆ. ಆದರೆ ತುಕ್ಕು ಹಿಡಿಯದಿರಲಿ ಅಂತ ಹಚ್ಚಿ ಕಳಿಸುವ ಜಿಡ್ಡು ಅದರಿಂದ ಹೋಗುವುದಿಲ್ಲ. ಅದಕ್ಕೆ ಬಿಸಿನೀರು, ಸೋಪು ಬೇಕು. ಮೊದಲು ಒಂದು ಸಲ ಸೋಪು ಹಾಕಲೇಬೇಕು ಅತ್ತೆ, ಆಗ ಹಾಳಾಗುವ ಪದರವೇ ಅಲ್ಲಿರುವುದಿಲ್ಲ.

ಸರೋಜತ್ತೆ: ಒಂದು ಸಲಕ್ಕೆ ಒಪ್ಪಿದೆ. ತೆಂಗಿನೆಣ್ಣೆಯದ್ದು ಹೇಳು.

ಪ್ರಕಾಶಣ್ಣ: ಚಳಿಗಾಲದಲ್ಲಿ ಡಬ್ಬದಲ್ಲೇ ಗಟ್ಟಿಯಾಗುವ ಎಣ್ಣೆ ಅದು. ಅಂಥ ಎಣ್ಣೆ ಕಾದಾಗ ಒಣಗಿ ಪದರ ಕಟ್ಟುವುದು ತುಂಬಾ ನಿಧಾನ. ಸೂರ್ಯಕಾಂತಿ ಎಣ್ಣೆ ಬೇಗ ಕಟ್ಟುತ್ತದೆ, ಎಳ್ಳೆಣ್ಣೆಯೂ ಆಗುತ್ತದೆ. ಹರಳೆಣ್ಣೆ ಹಚ್ಚಿ ಅಂತ ಕೆಲವರು ಹೇಳುತ್ತಾರೆ, ಅದೂ ಸರಿಯಾಗಿ ಒಣಗದೆ ಅಂಟಾಗಿ ಉಳಿಯುತ್ತದೆ. ಪಳಗಿಸಲು ಬೇರೆ ಎಣ್ಣೆ ಇರಲಿ, ದಿನದ ದೋಸೆಗೆ ತೆಂಗಿನೆಣ್ಣೆ ಹಾಕಿ, ಯಾರು ಬೇಡ ಅಂದರು?

ಸರೋಜತ್ತೆ: ಮೂವತ್ತು ವರ್ಷ ಆ ಕಾವಲಿ ಹೇಗೆ ನಡೆಯಿತು ಅಂತ ನೀನು ಇನ್ನೂ ಹೇಳಿಲ್ಲ.

ಪ್ರಕಾಶಣ್ಣ: ನಿಧಾನವಾಗಿ ನಡೆಯಿತು ಅತ್ತೆ. ಮೊದಲ ತಿಂಗಳು ಎಷ್ಟು ದೋಸೆ ಹಸುವಿಗೆ ಹೋಯಿತು ಅಂತ ಅಜ್ಜಿಯನ್ನು ಕೇಳಬೇಕಿತ್ತು.

ಸಿಂಧು: ನೀವಿಬ್ಬರೂ ಆಮೇಲೆ ಜಗಳ ಮುಂದುವರಿಸಿ. ಈಗ ಇದನ್ನು ಸರಿ ಮಾಡುವುದು ಹೇಗೆ?

ಪ್ರಕಾಶಣ್ಣ: ಬಿಸಿನೀರಿಗೆ ಸೋಪು ಹಾಕಿ ತೆಂಗಿನ ನಾರಿನಿಂದ ಉಜ್ಜು, ಜಿಗುಟು ಪೂರ್ತಿ ಹೋಗಬೇಕು. ಒರೆಸಿ ತಕ್ಷಣ ಒಲೆ ಮೇಲಿಡು. ಗಾಳಿಯಲ್ಲಿ ಒಣಗಲು ಬಿಟ್ಟರೆ ಅಷ್ಟರಲ್ಲೇ ತುಕ್ಕು ಬರುತ್ತದೆ. ಕೈ ತಾಳುವಷ್ಟು ಬಿಸಿ ಇರುವಾಗ ಅರ್ಧ ಚಮಚ ಎಣ್ಣೆಯನ್ನು ಬಟ್ಟೆಯಲ್ಲಿ ಮೇಲೆ, ಕೆಳಗೆ, ಹಿಡಿಗೆ ಎಲ್ಲ ಸವರು. ಆಮೇಲೆ ಒಣಬಟ್ಟೆಯಿಂದ, ತಪ್ಪಿ ಹಚ್ಚಿದ ಎಣ್ಣೆ ತೆಗೆಯುವವಳ ಹಾಗೆ, ಪೂರ್ತಿ ಒರೆಸು. ಎಣ್ಣೆಯೇ ಇಲ್ಲ ಅನ್ನಿಸಬೇಕು, ಆಗ ಸರಿಯಾದ ಅಳತೆ ಇರುತ್ತದೆ. ಕಿಟಕಿ ತೆರೆದಿಟ್ಟು ಮಧ್ಯಮ ಉರಿಯಲ್ಲಿ ಕಾಯಿಸು. ನಡುವೆ ಹೊಗೆ ಬಂದು ನಿಂತ ಮೇಲೆ ಕಾವಲಿಯನ್ನು ಸರಿಸಿ ಒಂದೊಂದೇ ಅಂಚನ್ನು ಬರ್ನರ್ ಮೇಲೆ ತಾ. ಆರಲಿ. ಹೀಗೆ ನಾಲ್ಕೈದು ಸಲ. ಇಂಡಕ್ಷನ್ ಮೇಲೆ ಮಾಡಬೇಡ, ಒಮ್ಮೆಲೇ ನಡುವೆ ಮಾತ್ರ ಕಾದರೆ ಬೀಡು ಬಿರುಕು ಬಿಡಬಹುದು. ಬಿಸಿ ಇರುವಾಗ ತಣ್ಣೀರಿಗೂ ಹಿಡಿಯಬೇಡ.

ಗಿರಿಜಾ ದೊಡ್ಡಮ್ಮ: ಮೊದಲ ದಿನವೇ ನೀರುದೋಸೆಗೆ ಹೋಗಬೇಡ ಸಿಂಧು. ಉದ್ದಿನ ದೋಸೆ ಹಾಕು, ಸ್ವಲ್ಪ ದಪ್ಪ. ಮೇಲೆ ಒಣಗುವವರೆಗೆ ಸಟ್ಟುಗ ಮುಟ್ಟಿಸಬೇಡ, ಬೆಂದ ಮೇಲೆ ಅಂಚು ತಾನಾಗಿ ಬಿಡುತ್ತದೆ.

ಪ್ರಕಾಶಣ್ಣ: ಒಂದೆರಡು ತಿಂಗಳು ಟೊಮೆಟೊ, ಹುಣಸೆಹುಳಿ ಅದರಲ್ಲಿ ಬೇಡ. ಎಳೆ ಪದರವನ್ನು ಹುಳಿ ಎಬ್ಬಿಸುತ್ತದೆ.

ಭಾನುವಾರ

ಸಿಂಧು: ನಿನ್ನೆ ನಾಲ್ಕು ಸಲ ಮಾಡಿದೆ. ಎರಡನೇ ಸಲಕ್ಕೆ ಜೇನಿನ ಬಣ್ಣ, ನಾಲ್ಕಕ್ಕೆ ಗಾಢ ಕಂದು, ಬೆರಳಿಗೆ ಏನೂ ಅಂಟಲಿಲ್ಲ. ಇವತ್ತು ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ ದೋಸೆ ಹಾಕಿದೆ. ಮೊದಲನೆಯದರ ನಡುವೆ ಒಂದು ರೂಪಾಯಿಯಷ್ಟು ಅಂಟಿತು. ಎರಡನೆಯದು ಎದ್ದು ಬಂತು! ಎಡಗಡೆ ಅಂಚು ಮಾತ್ರ ಇನ್ನೂ ಬಿಳುಚಾಗಿದೆ.

ಪ್ರಕಾಶಣ್ಣ: ಆ ಕಡೆಯನ್ನು ಇನ್ನೆರಡು ಸಲ ಬರ್ನರ್ ಮೇಲೆ ತಾ.

ಸರೋಜತ್ತೆ: ಒಳ್ಳೆಯದಾಯಿತು ಮಗಳೇ. ಮುಂದಿನ ತಿಂಗಳು ನಮ್ಮ ಪಕ್ಕದ ಮನೆ ಹುಡುಗಿಗೂ ಕಾವಲಿ ಕೊಡುವುದಿದೆ. ಚೀಟಿ ತಿದ್ದಿದ್ದೇನೆ, ನೋಡು ಪ್ರಕಾಶ: "ಬೂದು ಬಣ್ಣವಿದ್ದರೆ ಒಂದು ಸಲ ಸೋಪು ಹಾಕಿ ತೊಳೆ. ಕಪ್ಪಿದ್ದರೆ ನೆನೆಸಬೇಡ. ಸೂರ್ಯಕಾಂತಿ ಎಣ್ಣೆ ಸವರಿ, ಎಣ್ಣೆ ಇಲ್ಲ ಅನ್ನಿಸುವ ಹಾಗೆ ಒರೆಸಿ, ಹೊಗೆ ನಿಲ್ಲುವವರೆಗೆ ಕಾಯಿಸು. ನಾಲ್ಕು ಸಲ. ಅಂಚನ್ನು ಮರೆಯಬೇಡ. ದೋಸೆಗೆ ತೆಂಗಿನೆಣ್ಣೆಯನ್ನೇ ಹಾಕು."

ಪ್ರಕಾಶಣ್ಣ: ಸರಿ ಇದೆ ಅತ್ತೆ. ದೋಸೆ ಆದ ಮೇಲೆ ಒರೆಸಿಡು, ಒದ್ದೆ ಇರುವಾಗ ಎತ್ತಿಡಬೇಡ ಅಂತ ಒಂದು ಸಾಲು ಸೇರಿಸಿ.

ಸರೋಜತ್ತೆ: ಸೇರಿಸಿದೆ. ಹಸುವಿನ ಸಾಲು ತೆಗೆಯುವುದಿಲ್ಲ.