ಅಪ್‌ಡೇಟ್: ಮೂರು ನಿಮಿಷಕ್ಕೇ ನಿಲ್ಲುತ್ತಿದ್ದ ಹೇರ್ ಡ್ರೈಯರ್

ನನ್ನ ಮೂಲ ಪ್ರಶ್ನೆ: “ಹೇರ್ ಡ್ರೈಯರ್ ಮೂರು ನಿಮಿಷ ಓಡಿ ತಾನಾಗಿಯೇ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಮೋಟಾರು ಹೋಗಿದೆಯೇ?”

ಮೋಟಾರು ಸರಿಯಾಗಿಯೇ ಇದೆ. ನೀವು ಸೂಚಿಸಿದಂತೆ ತಣ್ಣನೆಯ ಗಾಳಿಯಲ್ಲಿ ಹತ್ತು ನಿಮಿಷ ಓಡಿಸಿದಾಗ ಅದು ಒಮ್ಮೆಯೂ ನಿಲ್ಲಲಿಲ್ಲ. ಬಿಸಿಗೆ ತಿರುಗಿಸಿದರೆ ಮಾತ್ರ ನಿಲ್ಲುತ್ತಿತ್ತು.

ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಹಿಂಬದಿಯ ಜಾಲರಿಯನ್ನು ತಿರುಗಿಸಿ ತೆಗೆದೆ. ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತಿದ್ದ ಅದರ ಒಳಮೈಗೆ ಬೂದುಬಣ್ಣದ ನೂಲಿನ ಧೂಳು ಕಂಬಳಿಯ ತುಂಡಿನಂತೆ ಒತ್ತಾಗಿ ಅಂಟಿಕೊಂಡಿದ್ದು, ಉಗುರಿನಿಂದ ಎತ್ತಿದಾಗ ಇಡಿಯಾಗಿ ಎದ್ದು ಬಂತು. ಒಳಬರುವ ಗಾಳಿ ಕಡಿಮೆಯಾದಾಗ ಕಾಯಿಲ್‌ನ ಶಾಖ ಹೊರಹೋಗದೆ ಅಲ್ಲಿಯೇ ಏರುತ್ತದೆ; ಆಗ ಪಕ್ಕದಲ್ಲಿರುವ ಎರಡು ಲೋಹಗಳ ಪಟ್ಟಿ ಬಾಗಿ ವಿದ್ಯುತ್ತನ್ನು ಕಡಿದು, ತಣಿದ ಮೇಲೆ ಮತ್ತೆ ಜೋಡಿಸುತ್ತದೆ. ನಾನು ದೋಷವೆಂದು ತಿಳಿದದ್ದು ಆ ರಕ್ಷಣೆಯ ಕೆಲಸವೇ ಆಗಿತ್ತು.

ಒಣ ಬ್ರಷ್ಷಿನಿಂದ ಉಜ್ಜಿ, ಜಾಲರಿಯನ್ನು ಮರಳಿ ಕೂರಿಸಿದ ನಂತರ ಪೂರ್ಣ ಬಿಸಿಯಲ್ಲಿ ಹನ್ನೆರಡು ನಿಮಿಷ ನಿಲ್ಲದೆ ಓಡಿತು. ಆ ಪಟ್ಟಿಯನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸುವ ಯೋಚನೆಯನ್ನು ದಯವಿಟ್ಟು ಯಾರೂ ಮಾಡಬೇಡಿ. ಧೂಳು ತೆಗೆದ ಮೇಲೂ ನಿಲ್ಲುತ್ತಿದ್ದರೆ ಫ್ಯಾನು ನಿಧಾನವಾಗಿರಬಹುದು ಅಥವಾ ಪಟ್ಟಿಯೇ ಸವೆದಿರಬಹುದು. ತಣಿದರೂ ಮತ್ತೆ ಓಡದಿದ್ದರೆ, ಒಮ್ಮೆ ಮಾತ್ರ ಕೆಲಸ ಮಾಡುವ ಥರ್ಮಲ್ ಫ್ಯೂಸ್ ಸುಟ್ಟಿರುವ ಸಾಧ್ಯತೆಯಿದೆ.