ಆ್ಯಂಕರ್ ಲೋಡ್ ಹಿಡಿದಿದೆ, ಎಲಾಂಗೇಶನ್ ಮಾತ್ರ ಕಡಿಮೆ. ಪಾಸ್ ಅನ್ನಬಹುದಾ?

ಸೈಟ್ ಶಿವು: ಬೆಂಗಳೂರಲ್ಲಿ ಮೂರು ಬೇಸ್‌ಮೆಂಟ್ ಅಗೆತ, ಪೈಲ್ ಗೋಡೆ. ಎರಡನೇ ಸಾಲಿನ ಒಂದು ಆ್ಯಂಕರ್ ತಲೆ ತಿನ್ನುತ್ತಿದೆ. 15.2 ಮಿ.ಮೀ.ನ 4 ಸ್ಟ್ರ್ಯಾಂಡ್, ಫ್ರೀ ಲೆಂತ್ 8 ಮೀ., ಬಾಂಡ್ ಲೆಂತ್ 7 ಮೀ., ಡಿಸೈನ್ ಲೋಡ್ 400 ಕಿಲೋನ್ಯೂಟನ್. ಪ್ರೂಫ್ ಟೆಸ್ಟ್‌ಗೆ 40ರಿಂದ 532ರವರೆಗೆ ಎಳೆದೆವು. 532ರಲ್ಲಿ ಹಿಡಿದಾಗ 1ರಿಂದ 10ನೇ ನಿಮಿಷದೊಳಗೆ ಸರಿದದ್ದು 0.6 ಮಿ.ಮೀ. ಅಷ್ಟೇ. ಒಟ್ಟು ಎಲಾಂಗೇಶನ್ 26, ವಾಪಸ್ 40ಕ್ಕೆ ಇಳಿಸಿದಾಗ 4 ಉಳಿಯಿತು. ಆಮೇಲೆ ಜ್ಯಾಕ್‌ನಲ್ಲಿ 400 ಇಟ್ಟು ಲಾಕ್ ಮಾಡಿ ಲಿಫ್ಟ್-ಆಫ್ ನೋಡಿದರೆ 270! ಬಾಂಡ್ ಸಾಲದೇ?

ಮಂಜು: ಕ್ರೀಪ್ 1 ಮಿ.ಮೀ. ಒಳಗಿದೆ, ಪಾಸ್. ವೆಜ್ ಕೂರುವಾಗ ಸ್ಟ್ರ್ಯಾಂಡ್ ಸ್ವಲ್ಪ ಒಳಗೆ ಹೋಗುತ್ತದೆ, ಲೋಡ್ ಇಳಿಯುವುದು ಅದಕ್ಕೇ. 530ಕ್ಕೆ ಎಳೆದು ಲಾಕ್ ಮಾಡಿ.

ಕಲ್ಲಪ್ಪ ಹುಬ್ಬಳ್ಳಿ: ನಮ್ಮಲ್ಲಿ ಜೇಡಿಮಣ್ಣು, 60 ನಿಮಿಷ ಹಿಡಿದರೂ ಕ್ರೀಪ್ ನಿಲ್ಲಲಿಲ್ಲ. ಬಾಂಡ್ 10 ಮೀ. ಮಾಡಿದ ಮೇಲೆ ಸರಿಹೋಯ್ತು. ನೀವೂ ಅದನ್ನೇ ಮಾಡ್ರಿ.

ಗಿರಿಜಾ: ಕಲ್ಲಪ್ಪನವರೇ, ನಿಮ್ಮದು ಬೇರೆ ರೋಗ. ಬಾಂಡ್ ಸಾಲದಿದ್ದರೆ ಆ್ಯಂಕರ್ ಜಾಸ್ತಿ ಸರಿಯುತ್ತದೆ. ಇಲ್ಲಿ ಆಗಿರುವುದು ಉಲ್ಟಾ. ಶಿವು, 26ರಲ್ಲಿ 4 ಕಳೆದರೆ ಉಕ್ಕು ನಿಜವಾಗಿ ಹಿಗ್ಗಿ ಕುಗ್ಗಿದ್ದು 22. 8 ಮೀ. ಫ್ರೀ ಇದ್ದಿದ್ದರೆ 36 ಬರಬೇಕಿತ್ತು, ಕೊನೇ ಪಕ್ಷ ಅದರ 80%, ಅಂದರೆ 29. ಹಿಂದಕ್ಕೆ ಲೆಕ್ಕ ಹಾಕಿ:

```
L = 560 × 195000 × 22 / 492000 ≈ 4880 mm
```

ಸುಮಾರು 3 ಮೀ. ಫ್ರೀ ಲೆಂತನ್ನು ಗ್ರೌಟ್ ಹಿಡಿದುಕೊಂಡಿದೆ. ಲೋಡ್ ಈಗ ಕೂತಿರುವುದು ಗೋಡೆಯ ಹಿಂದೆ ಜಾರಬಹುದಾದ ಮಣ್ಣಿನಲ್ಲೇ. ಆ ಮಣ್ಣು ಇವತ್ತು ಅಲುಗಿಲ್ಲ, ಅದಕ್ಕೇ ಟೆಸ್ಟ್ ಚೆನ್ನಾಗಿ ಬಂತು. ಇನ್ನೂ ಕೆಳಗೆ ಅಗೆದಾಗ ಗೋಡೆ, ಮಣ್ಣು ಎರಡೂ ಒಟ್ಟಿಗೆ ಮುಂದಕ್ಕೆ ಬಂದರೆ ಈ ಹಿಡಿತ ಕೆಲಸಕ್ಕೆ ಬರುವುದಿಲ್ಲ.

ಮಂಜು ವೆಜ್ ಬಗ್ಗೆ ಹೇಳಿದ್ದು ಸರಿ, ಆದರೆ ಅರ್ಧ. ವೆಜ್ 6 ಮಿ.ಮೀ. ಒಳಗೆಳೆದುಕೊಂಡರೆ 8 ಮೀ.ಗೆ 82 ಹೋಗುತ್ತದೆ, 4.9 ಮೀ.ಗೆ 134. ನಿಮಗೆ ಹೋಗಿದ್ದು 130, ಅಲ್ವಾ? ಎರಡು ಬೇರೆ ಅಳತೆ, ಒಂದೇ ಉತ್ತರ. ಒಳ್ಳೆ ಆ್ಯಂಕರ್ ಆಗಿದ್ದರೆ 480ಕ್ಕೆ ಎಳೆದು ಲಾಕ್ ಮಾಡಿದರೆ 400ರ ಹತ್ತಿರ ನಿಲ್ಲುತ್ತಿತ್ತು. ಇದನ್ನು 530ಕ್ಕೆ ಎಳೆದರೆ ಲಿಫ್ಟ್-ಆಫ್ ಅಂಕಿ ಸರಿಯಾಗುತ್ತದೆ, ದೋಷ ಮುಚ್ಚಿಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಗ್ರೌಟ್ ಎಲ್ಲಿವರೆಗೆ ಬಂದಿತ್ತು?

ಸೈಟ್ ಶಿವು: ತೂತಿನ ಬಾಯಿವರೆಗೂ. ಪೈಪ್ ಸ್ಲೀವ್ ತುದಿಗೆ ಬರೀ ಟೇಪ್ ಸುತ್ತಿದ್ದರು.

ಗಿರಿಜಾ: ಹಾಗಾದರೆ ಟೇಪ್ ಬಿಟ್ಟು ಸ್ಲೀವ್ ಒಳಗೆ ಗ್ರೌಟ್ ನುಗ್ಗಿರಬೇಕು. 40ರಿಂದ 532ಕ್ಕೆ ಮೂರ್ನಾಲ್ಕು ಸಲ ಏರಿಸಿ ಇಳಿಸಿ, ಪ್ರತಿ ಸಲವೂ ವಾಪಸ್ ಬಂದ ಹಿಗ್ಗನ್ನು ಬರೆದಿಡಿ. 22 ಮೇಲೇರುತ್ತಾ ಹೋದರೆ ಹಿಡಿತ ಬಿಡುತ್ತಿದೆ ಅಂತ ಅರ್ಥ. 29 ದಾಟಿದ ಮೇಲೆ ಮತ್ತೆ 10 ನಿಮಿಷದ ಕ್ರೀಪ್ ನೋಡಿ, ಏಕೆಂದರೆ ನಿಜವಾದ ಬಾಂಡ್ ಪೂರ್ತಿ ಲೋಡ್ ಹೊರುವುದು ಆಗಲೇ.

ಮಂಜು: ಬಿಡದಿದ್ದರೆ ಕಡಿಮೆ ಲೋಡ್‌ಗೆ ಒಪ್ಪಿಕೊಳ್ಳಬಹುದಲ್ವಾ? ಪಕ್ಕದವು ಚೆನ್ನಾಗಿದ್ದರೆ?

ಗಿರಿಜಾ: ನಾನಾದರೆ ಒಪ್ಪಲ್ಲ, ಪಕ್ಕದಲ್ಲಿ ಹೊಸದು ಕೊರೆಸುತ್ತೇನೆ. ಹಿಡಿದಿರುವ ಮಣ್ಣೇ ಜಾರುವ ಜಾಗದ್ದು, ಎಷ್ಟಕ್ಕೆ ಇಳಿಸಿ ಒಪ್ಪುತ್ತೀರಿ? ಡಿಸೈನರ್ ಬೇರೆ ಹೇಳಬಹುದು, ಅವರನ್ನೇ ಕೇಳಿ. ಅದೇ ದಿನ ಅದೇ ತಂಡ ಟೇಪ್ ಸುತ್ತಿದ ಉಳಿದ ಆ್ಯಂಕರ್‌ಗಳ ಎಲಾಂಗೇಶನ್ ಶೀಟ್ ಇದ್ದರೆ ಇಲ್ಲಿ ಹಾಕಿ ಶಿವು. ಅಲ್ಲಿಯವರೆಗೆ ಆ ಭಾಗದಲ್ಲಿ ಕೆಳಗೆ ಅಗೆಯಬೇಡಿ.