ತಡವಾಗಿ ಬರುವ ಗ್ರಾಹಕರಿಗೆ ನಿಯಮವನ್ನು ಹೇಗೆ ಹೇಳುವುದು?

ಪ್ರಶ್ನೆ (ಕುವೆಂಪುನಗರ, ಮೈಸೂರು): ನಮ್ಮದು ಎರಡು ಕುರ್ಚಿಯ ಪಾರ್ಲರ್. ಭಾನುವಾರ ಒಬ್ಬರು ಇಪ್ಪತ್ತು ನಿಮಿಷ ತಡ ಮಾಡಿದರೆ ಸಂಜೆಯವರೆಗೂ ಎಲ್ಲರೂ ಕಾಯಬೇಕಾಗುತ್ತದೆ. ಹಳೆಯ ಗ್ರಾಹಕರು ಬೇಸರಿಸಿಕೊಳ್ಳದಂತೆ ನಿಯಮವನ್ನು ಹೇಗೆ ಬರೆಯಲಿ?

ಸದಸ್ಯೆ, ಸರಸ್ವತಿಪುರಂ: ಹತ್ತು ನಿಮಿಷ ದಾಟಿದರೆ ನೂರು ರೂಪಾಯಿ ಹೆಚ್ಚು ಎಂದು ಬಾಗಿಲಿಗೇ ಬೋರ್ಡ್ ಹಾಕಿ. ಎಲ್ಲರಿಗೂ ಒಂದೇ ನಿಯಮವಿದ್ದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಹಿರಿಯ ಬ್ಯೂಟಿಷಿಯನ್, ಮಂಡ್ಯ: ಎಲ್ಲರಿಗೂ ಒಂದೇ ನಿಯಮವಿರಬೇಕೆಂಬುದು ಸರಿಯೇ. ಆದರೆ ದಂಡ ಕೊಟ್ಟವರು ಪೂರ್ತಿ ಕೆಲಸವನ್ನೂ ಕೇಳುತ್ತಾರೆ. ಆಮೇಲೆ ಬರುವವರ ಸಮಯ ಆ ನೂರು ರೂಪಾಯಿಯಿಂದ ಹಿಂದಿರುಗುವುದಿಲ್ಲ. ನಾನೂ ಒಂದು ವರ್ಷ ದಂಡ ಹಾಕಿ ನೋಡಿ ಕೈಬಿಟ್ಟೆ.

ಎಷ್ಟು ತಡವನ್ನು ಸಹಿಸಬಹುದೆಂಬುದನ್ನು ಆಯಾ ಕೆಲಸವೇ ಹೇಳುತ್ತದೆ. ಬೇರಿನ ಬಿಳಿಕೂದಲಿಗೆ ಬಣ್ಣ ಹಚ್ಚುವುದನ್ನೇ ನೋಡಿ. ನನ್ನಲ್ಲಿ ಹಚ್ಚಲು 25 ನಿಮಿಷ, ಬಣ್ಣ ಹಿಡಿಯಲು 35, ತೊಳೆಯಲು 10, ಡ್ರೈಯರ್‌ನಲ್ಲಿ ಒಣಗಿಸಿ ಸೆಟ್ ಮಾಡಲು 15 ನಿಮಿಷ ಬೇಕು. ಹನ್ನೊಂದಕ್ಕೆ ಬರಬೇಕಾದವರು 11.20ಕ್ಕೆ ಬಂದರೆ, ಸೆಟ್ಟಿಂಗ್ ಬಿಟ್ಟು 12.30ಕ್ಕೆ ಮುಗಿಸಿ ಮುಂದಿನವರನ್ನು ಕೂರಿಸಬಹುದು. ಅದಕ್ಕಿಂತ ತಡವಾದರೆ ಬಣ್ಣ ಹಿಡಿಯುವ ಹೊತ್ತನ್ನೇ ಕತ್ತರಿಸಬೇಕಾಗುತ್ತದೆ. ಹಾಗೆ ಮಾಡಿದರೆ ಹಣೆಯಂಚಿನ ಬಿಳಿಕೂದಲು ಮೊದಲು ಇಣುಕುತ್ತದೆ, ದೂರು ನಮಗೇ ಬರುತ್ತದೆ. ಆದ್ದರಿಂದ ಬಣ್ಣಕ್ಕೆ ನನ್ನ ಮಿತಿ ಇಪ್ಪತ್ತು ನಿಮಿಷ. ಥ್ರೆಡಿಂಗ್‌ಗೆ ಬಂದವರನ್ನಾದರೆ, ಇನ್ನೊಬ್ಬರ ಬಣ್ಣ ಹಿಡಿಯುತ್ತಿರುವಾಗ ನಡುವೆ ಕೂರಿಸಿಬಿಡುತ್ತೇನೆ.

ಬೋರ್ಡ್‌ಗಿಂತ ಹಿಂದಿನ ದಿನ ವಾಟ್ಸಾಪ್‌ನಲ್ಲಿ ಕಳಿಸುವ ಮಾತು ಮೇಲು. ನಾನು ಬರೆಯುವುದು ಹೀಗೆ: “ನಾಳೆ 11ಕ್ಕೆ ನಿಮಗಾಗಿ ಕುರ್ಚಿ ಕಾಯ್ದಿರಿಸಿದ್ದೇವೆ. 20 ನಿಮಿಷದವರೆಗೆ ತಡವಾದರೆ ಬಣ್ಣ ಪೂರ್ತಿ ಹಾಕಿಕೊಡುತ್ತೇವೆ, ಸೆಟ್ಟಿಂಗ್ ಮಾತ್ರ ಆಗುವುದಿಲ್ಲ, ಅದರ ಹಣವನ್ನೂ ಪಡೆಯುವುದಿಲ್ಲ. ಇನ್ನೂ ತಡವಾಗುವಂತಿದ್ದರೆ ದಯವಿಟ್ಟು ಒಂದು ಕರೆ ಮಾಡಿ, ಬೇರೆ ಸಮಯ ಕೊಡುತ್ತೇವೆ.” ಹಣದ ಸಾಲನ್ನು ಬಿಡಬೇಡಿ, ಜಗಳ ಹುಟ್ಟುವುದೇ ಅಲ್ಲಿ.

ಗ್ರಾಹಕಿ, ಮೈಸೂರು: ನಾನು ಸಮಯಕ್ಕೆ ಸರಿಯಾಗಿ ಹೋಗಿಯೂ ಒಂದು ಪಾರ್ಲರ್‌ನಲ್ಲಿ ಮುಕ್ಕಾಲು ಗಂಟೆ ಕುಳಿತಿದ್ದೆ. ಅದಕ್ಕೆ ಯಾರು ದಂಡ ಕೊಡುತ್ತಾರೆ?

ಹಿರಿಯ ಬ್ಯೂಟಿಷಿಯನ್, ಮಂಡ್ಯ: ಕೇಳಿದ ಪ್ರಶ್ನೆ ಅದಲ್ಲದಿದ್ದರೂ ನಿಮ್ಮ ಮಾತು ನ್ಯಾಯವಾದದ್ದು, ಮೇಡಂ. ನಮ್ಮಿಂದ ತಡವಾದರೆ ಮೊದಲೇ ಫೋನ್ ಮಾಡಿ ತಿಳಿಸುತ್ತೇವೆ ಎಂಬ ಸಾಲೂ ಅದೇ ಸಂದೇಶದಲ್ಲಿರಬೇಕು.

ಪ್ರಶ್ನೆ ಕೇಳಿದವರು: ಸಂದೇಶವನ್ನು ಇಂದೇ ಬರೆಯುತ್ತೇನೆ, ಅಕ್ಕ. ಆದರೆ ಹಳ್ಳಿಯಿಂದ ಬಸ್ಸಿಗೆ ಕಾದು ಬರುವ ಒಬ್ಬ ಅಜ್ಜಿ ಇದ್ದಾರೆ, ಅವರು ವಾಟ್ಸಾಪ್ ನೋಡುವುದಿಲ್ಲ.

ಹಿರಿಯ ಬ್ಯೂಟಿಷಿಯನ್, ಮಂಡ್ಯ: ಅಂಥವರಿಗೆ ನಾನು ದಿನದ ಕೊನೆಯ ಸರದಿಯನ್ನು ಕೊಡುತ್ತಿದ್ದೆ, ಆದರೆ ಹಿಂದಿರುಗುವ ಬಸ್ಸು ತಪ್ಪುತ್ತದೆಂದು ಅವರು ಒಪ್ಪಲಿಲ್ಲ. ಈಗ ಊಟದ ಬಿಡುವಿಗೆ ಮುಂಚಿನ ಸಮಯ ಕೊಟ್ಟು, ತಡವಾದ ದಿನ ನನ್ನ ಊಟವನ್ನೇ ಮುಂದಕ್ಕೆ ಹಾಕುತ್ತಿದ್ದೇನೆ. ಇದಕ್ಕಿಂತ ಒಳ್ಳೆಯ ದಾರಿ ಯಾರಿಗಾದರೂ ಸಿಕ್ಕಿದ್ದರೆ ಬರೆಯಿರಿ.